ಹಲ್ಲು ಹೋದ ಮೇಲೆ ತಟ್ಟೆಯಲ್ಲಿ ಉಳಿಯೋ ಪ್ರೋಟೀನ್

(ತುಮಕೂರಲ್ಲಿ ಹಿರಿಯರು ಮತ್ತೆ ಅವರನ್ನ ನೋಡ್ಕೊಳ್ಳೋ ಮನೆಯವರು ಸೇರಿದ್ದ ಒಂದು ಕೂಟದಲ್ಲಿ ಆಡಿದ ಮಾತು. ಕೆಲವರು ಬರೆದು ಕೊಡಿ ಅಂದ್ರು, ಅದಕ್ಕೆ ಮಾತಾಡಿದ ಹಾಗೇ ಬರೆದಿದೀನಿ. ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ನಾನು ಡಯಟಿಷಿಯನ್, ವಯಸ್ಸಾದವರ ಊಟದ ವಿಷಯವೇ ನನ್ನ ಕೆಲಸ. ಇವತ್ತು ಒಂದೇ ವಿಷಯ ಮಾತಾಡ್ತೀನಿ. ಹಲ್ಲು ಬಿದ್ದಿರೋರು, ಹಲ್ಲು ಅಲ್ಲಾಡ್ತಿರೋರು, ಸೆಟ್ ಹಾಕ್ಸಿದ್ರೂ ಅದು ಸರಿಯಾಗಿ ಕೂರದೇ ಇರೋರು, ಇವರ ತಟ್ಟೆಯಲ್ಲಿ ಪ್ರೋಟೀನ್ ಎಷ್ಟು ಹೊಟ್ಟೆಗೆ ಹೋಗುತ್ತೆ, ಎಷ್ಟು ತಟ್ಟೆಯಲ್ಲೇ ಉಳಿಯುತ್ತೆ ಅನ್ನೋದು. ಪಾವಗಡ, ಮಧುಗಿರಿ ಕಡೆಯಿಂದ ಬಂದಿರೋರು ಇಲ್ಲಿ ಇದೀರ, ಆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಚಿಕ್ಕ ವಯಸ್ಸಿಂದಾನೇ ಹಲ್ಲು ಕಂದು ಬಣ್ಣಕ್ಕೆ ತಿರುಗಿ ಮೇಲ್ಪದರ ಉದುರಿರೋರು ಎಷ್ಟೋ ಜನ ಇದಾರೆ, ಅದರ ಮೇಲೆ ವಸಡಿನ ಕಾಯಿಲೆ, ಎಲೆ ಅಡಿಕೆ ಹೊಗೆಸೊಪ್ಪು ಎಲ್ಲಾ ಸೇರಿ ಅರವತ್ತು ದಾಟೋ ಹೊತ್ತಿಗೆ ದವಡೆ ಹಲ್ಲು ಒಂದೂ ಉಳಿದಿರಲ್ಲ.

ಸೊಸೆಯಂದಿರು ನನ್ನ ಹತ್ರ ಬಂದು ಹೇಳೋ ಮಾತು ಹೆಚ್ಚು ಕಡಿಮೆ ಒಂದೇ. ನಮ್ಮತ್ತೆ ಊಟ ಚೆನ್ನಾಗೇ ಮಾಡ್ತಾರೆ ಮೇಡಂ, ಮಧ್ಯಾಹ್ನ ಒಂದು ಮುದ್ದೆ ಪೂರ್ತಿ ಹೋಗುತ್ತೆ, ಆದ್ರೂ ಯಾಕೆ ಇಳಿದು ಹೋಗಿದಾರೋ ಗೊತ್ತಾಗ್ತಿಲ್ಲ ಅಂತ. ಅವರು ಹೇಳೋದು ನಿಜ. ಮುದ್ದೆ ಅಗಿಯೋ ವಸ್ತು ಅಲ್ಲ, ನುಂಗೋದು, ಅದಕ್ಕೆ ಹಲ್ಲೇ ಬೇಡ, ಹಂಗಾಗಿ ಹಲ್ಲು ಹೋದ ಮೇಲೂ ಮುದ್ದೆ ಊಟ ನಿಲ್ಲಲ್ಲ ಮತ್ತೆ ಮನೆಯವರಿಗೆ ಏನೂ ಕಮ್ಮಿ ಆಗಿದೆ ಅಂತ ಅನ್ನಿಸೋದೂ ಇಲ್ಲ. ಆದ್ರೆ ಮುದ್ದೆ ಜೊತೆ ಏನು ಹೋಗ್ತಿದೆ ನೋಡಿ. ಬಸ್ಸಾರು ಮಾಡಿದೀರ ಅಂದ್ಕೊಳ್ಳಿ. ಕಾಳು ಸೊಪ್ಪು ಬೇಯಿಸಿ ಬಸಿದು, ಆ ಕಟ್ಟಿಂದ ಸಾರು, ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಹಲ್ಲಿರೋರು ಎರಡೂ ತಿಂತಾರೆ. ಹಲ್ಲಿಲ್ಲದ ಅಜ್ಜಿ ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗ್ತಾರೆ, ಪಲ್ಯ ತಟ್ಟೆ ಅಂಚಿಗೆ ತಳ್ತಾರೆ. ಕಾಳಿನ ಪ್ರೋಟೀನ್ ಬಹುಪಾಲು ಇರೋದು ಆ ಅಂಚಿಗೆ ತಳ್ಳಿದ ಪಲ್ಯದಲ್ಲಿ. ಕಟ್ಟಿಗೆ ಇಳಿಯೋದು ಉಪ್ಪು, ರುಚಿ, ಬಣ್ಣ, ಒಂದಿಷ್ಟು ವಿಟಮಿನ್ನು, ಪ್ರೋಟೀನ್ ಸ್ವಲ್ಪ ಮಾತ್ರ. ಹುರಳಿ ಕಟ್ಟು ತುಂಬಾ ಶಕ್ತಿ ಅಂತ ನಮ್ಮ ಕಡೆ ಕುಡಿಸ್ತಾರೆ, ರುಚಿಗೆ ಕುಡೀರಿ, ಬೇಡ ಅನ್ನಲ್ಲ, ಆದ್ರೆ ಹುರಳಿಯ ಶಕ್ತಿ ಹುರಳಿಯಲ್ಲಿದೆ.

ಮಾಂಸದ ಮನೆಯಲ್ಲೂ ಇದೇ ಕಥೆ. ಭಾನುವಾರ ಮಟನ್ ಸಾರು, ತಾತನಿಗೆ ಸಾರು ಮಾತ್ರ, ಪೀಸು ಅಗಿಯಕ್ಕಾಗಲ್ಲ ಅಂತ ಮೊಮ್ಮಕ್ಕಳಿಗೆ. ಕಾಲ್ ಸೂಪ್ ಕೂಡ ಅಷ್ಟೇ, ಅದು ಅಂಟಂಟಾಗಿ ಇರೋದು ಮೂಳೆ ಚರ್ಮದಿಂದ ಬಿಟ್ಟ ಜೆಲಟಿನ್ ಇಂದ, ಅದೂ ಒಂದು ಪ್ರೋಟೀನೇ, ಆದ್ರೆ ಮಾಂಸಖಂಡ ಕಟ್ಟಕ್ಕೆ ಬೇಕಾದ ಅಂಶಗಳು ಅದರಲ್ಲಿ ಪೂರ್ತಿ ಇಲ್ಲ. ನಾನು ಹೇಳಕ್ಕೆ ಬಂದಿರೋದು ಇದೇನೇ. ಹಲ್ಲಿಲ್ಲದೋರಿಗೆ ನೀರಾದ್ದನ್ನ ಕೊಟ್ಟು ಗಟ್ಟಿಯಾದ್ದನ್ನ ನಾವು ತಿನ್ನೋದಲ್ಲ, ಆ ಗಟ್ಟಿಯಾದ್ದನ್ನೇ ಅವರು ತಿನ್ನೋ ಹಾಗೆ ಮಾಡಿ ಕೊಡ್ಬೇಕು.

ನಿಮ್ಮನೆ ಸಾರಲ್ಲಿ ಬೇಳೆ ಎಷ್ಟಿದೆ ಅಂತ ನೋಡಕ್ಕೆ ಒಂದು ಸುಲಭದ ದಾರಿ ಇದೆ. ಒಂದು ಗಾಜಿನ ಲೋಟಕ್ಕೆ ಸಾರು ಹಾಕಿ ಅರ್ಧ ಗಂಟೆ ಅಲ್ಲಾಡಿಸದೇ ಬಿಡಿ. ತಳದಲ್ಲಿ ಕೂತಿರೋದು ಬೇಳೆ, ಮೇಲೆ ಇರೋದು ನೀರು. ತಳದಲ್ಲಿ ಒಂದು ಬೆರಳಗಲ ಕೂಡ ಇಲ್ಲ ಅಂದ್ರೆ ಆ ಲೋಟದಲ್ಲಿ ಪ್ರೋಟೀನ್ ಒಂದೆರಡು ಗ್ರಾಂ ಇದ್ರೆ ಹೆಚ್ಚು. ವಯಸ್ಸಾದೋರಿಗೆ ಯಾವಾಗ್ಲೂ ಪಾತ್ರೆ ಮೇಲಿಂದ ತಿಳಿ ಬಡಿಸ್ತೀವಲ್ಲ, ಅವರಿಗೆ ತಳ ಕಲಕಿ ಬಡಿಸಿ.

ಈಗ ಎಷ್ಟು ಬೇಕು ಅನ್ನೋದು. ನಮ್ಮ ದೇಶದಲ್ಲಿ ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ. ವಯಸ್ಸಾದೋರ ವಿಷಯ ನೋಡೋ ತಜ್ಞರು ಅದಕ್ಕಿಂತ ಜಾಸ್ತಿ, ಕೆಜಿಗೆ 1ರಿಂದ 1.2 ಗ್ರಾಂ ಅಂತ ಹೇಳ್ತಾರೆ, ಯಾಕಂದ್ರೆ ವಯಸ್ಸಾದ ಮೈಗೆ ಅಷ್ಟೇ ಪ್ರೋಟೀನ್ ಕೊಟ್ರೂ ಮಾಂಸಖಂಡ ಅಷ್ಟು ಚುರುಕಾಗಿ ಅದನ್ನ ಬಳಸ್ಕೊಳ್ಳಲ್ಲ. ತಲೆ ಕೆಡಿಸ್ಕೊಳ್ಳೋದು ಬೇಡ, ಕೆಜಿಗೆ ಒಂದು ಗ್ರಾಂ ಅಂತ ಇಟ್ಕೊಳ್ಳಿ. 50 ಕೆಜಿ ಇರೋ ಅಜ್ಜಿಗೆ ದಿನಕ್ಕೆ 50 ಗ್ರಾಂ. ಇದು ಪ್ರೋಟೀನಿನ ತೂಕ, ಆಹಾರದ ತೂಕ ಅಲ್ಲ, ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ 50 ಗ್ರಾಂ ಬೇಳೆ ಹಾಕಿದ್ರೆ ಆಯ್ತಲ್ಲ ಅಂತ ಎಷ್ಟೋ ಜನ ಅಂದ್ಕೊಳ್ತಾರೆ. 50 ಗ್ರಾಂ ಬೇಳೆಯಲ್ಲಿ ಪ್ರೋಟೀನ್ ಇರೋದು 11-12 ಗ್ರಾಂ.

ಇನ್ನು ಹೋಲಿಕೆಗೆ ಬರೋಣ. ನೂರು ಗ್ರಾಂಗೆ ಎಷ್ಟು ಅನ್ನೋ ಪಟ್ಟಿ ಎಲ್ಲಾ ಕಡೆ ಸಿಗುತ್ತೆ, ಅದು ಇವರಿಗೆ ಉಪಯೋಗಕ್ಕೆ ಬರಲ್ಲ. ವಯಸ್ಸಾದೋರು ಒಂದು ಹೊತ್ತಿಗೆ ತಿನ್ನೋದು ಒಂದು ಬಟ್ಟಲು, ಹೆಚ್ಚಂದ್ರೆ ಒಂದೂವರೆ. ಮೆತ್ತಗೆ ಮಾಡ್ಬೇಕು ಅಂತ ನಾವು ನೀರು ಸೇರಿಸಿದಷ್ಟೂ ಆ ಬಟ್ಟಲಲ್ಲಿ ಸತ್ವ ಕಮ್ಮಿ ಆಗ್ತಾ ಹೋಗುತ್ತೆ, ಹೊಟ್ಟೆ ಮಾತ್ರ ತುಂಬುತ್ತೆ. ಅದಕ್ಕೆ ನಾನು ಒಂದು ಸಲಕ್ಕೆ ನಿಜವಾಗ್ಲೂ ಒಳಗೆ ಹೋಗೋ ಅಳತೆಯಲ್ಲೇ ಹೇಳ್ತೀನಿ.

ಮೊದಲು ರಾಗಿ ಗಂಜಿ, ಎಲ್ಲರ ಮನೆಯಲ್ಲೂ ಹಲ್ಲಿಲ್ಲದೋರಿಗೆ ಮೊದಲು ಕೊಡೋದು ಅದೇ. ಒಂದು ಲೋಟ ಗಂಜಿಗೆ ಎರಡು ಚಮಚ ರಾಗಿ ಹಿಟ್ಟು, ಸುಮಾರು 20 ಗ್ರಾಂ ಹಾಕ್ತೀವಿ, ಅದರಲ್ಲಿ ಪ್ರೋಟೀನ್ ಒಂದೂವರೆ ಗ್ರಾಂಗಿಂತ ಕಮ್ಮಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಅದಕ್ಕೆ ಬೆಲೆ ಇದೆ, ಆದ್ರೆ ಗಂಜಿ ಕುಡಿದ್ರೆ ಪ್ರೋಟೀನ್ ಆಯ್ತು ಅಂತ ಲೆಕ್ಕ ಹಾಕ್ಬೇಡಿ. ನೀರು ಮಜ್ಜಿಗೆ ಒಂದು ಲೋಟದಲ್ಲೂ ಹಂಗೇ, ಒಂದೂವರೆ ಎರಡು ಗ್ರಾಂ. ಕಾಫಿಯಲ್ಲಿ ಅದ್ದಿ ತಿನ್ನೋ ಬನ್ನು ಒಂದಕ್ಕೆ ಸುಮಾರು 4 ಗ್ರಾಂ. ಇಡ್ಲಿ ಮಾಮೂಲಿ ಸೈಜಿಂದು ಒಂದಕ್ಕೆ ಹೆಚ್ಚು ಕಡಿಮೆ 2 ಗ್ರಾಂ, ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ದೊಡ್ಡದು, ಅದಕ್ಕೆ ಅದರ ಎರಡರಷ್ಟು ಇಟ್ಕೊಳ್ಳಿ. ತಟ್ಟೆ ಇಡ್ಲಿ ಮೆತ್ತಗಿರುತ್ತೆ, ವಸಡಲ್ಲೇ ಒತ್ತಿ ತಿನ್ನಬಹುದು, ಒಳ್ಳೇದು, ಆದ್ರೆ ಅದಕ್ಕೆ ಚಟ್ನಿ ಬದಲು ಗಟ್ಟಿ ಬೇಳೆ ಸಾಂಬಾರು ಹಾಕಿ ನೆನೆಸಿ ಕೊಟ್ರೆ ಮಾತ್ರ ಲೆಕ್ಕ ಏರುತ್ತೆ.

ಆಮೇಲೆ ಹಾಲು. 200 ಎಂಎಲ್ ಲೋಟಕ್ಕೆ 6 ಗ್ರಾಂ ಮೇಲೆ. ಮೊಸರು ಒಂದು ಸಣ್ಣ ಬಟ್ಟಲು, 150 ಗ್ರಾಂ, ಸುಮಾರು 5 ಗ್ರಾಂ. ಮೊಸರನ್ನ ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಲ್ಲಿ ಒಂದು ಪಾತ್ರೆ ಮೇಲೆ ನಾಲ್ಕು ಗಂಟೆ ಇಟ್ರೆ ಅರ್ಧದಷ್ಟು ನೀರು ಸೋರಿ ಹೋಗುತ್ತೆ, ಪ್ರೋಟೀನ್ ಬಹುಪಾಲು ಬಟ್ಟೆಯಲ್ಲೇ ಉಳಿಯುತ್ತೆ, ಆಗ 100 ಗ್ರಾಂ ಗಟ್ಟಿ ಮೊಸರಲ್ಲೇ 6-7 ಗ್ರಾಂ ಸಿಗುತ್ತೆ. ಹುಳಿ ಕಮ್ಮಿ ಇರೋ ಮೊಸರು ತಗೊಳ್ಳಿ, ಬಾಯಲ್ಲಿ ಹುಣ್ಣಿರೋರಿಗೆ ಹುಳಿ ಉರಿಯುತ್ತೆ. ಇನ್ನೊಂದು ಉಪಾಯ, ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಎರಡು ಚಮಚ ಕಲಸೋದು. ಹತ್ತತ್ರ 15 ಗ್ರಾಂ ಪುಡಿಯಲ್ಲಿ 5 ಗ್ರಾಂ ಪ್ರೋಟೀನ್ ಇರುತ್ತೆ, ಲೋಟ ಅಷ್ಟೇ ಇರುತ್ತೆ, ಒಳಗಿರೋದು 6ರಿಂದ 11ಕ್ಕೆ ಏರುತ್ತೆ. ಕಾಫಿ ಟೀಗೆ ಅಂತ ಮಾರೋ ಪುಡಿಯಲ್ಲಿ ಸಕ್ಕರೆ ಸೇರಿರುತ್ತೆ, ಅದು ಬೇಡ, ಪ್ಯಾಕೆಟ್ ಹಿಂದೆ ಓದಿ ತಗೊಳ್ಳಿ. ಮನೆಯಲ್ಲಿ ಹಸು ಇರೋರೂ ಬೆಳಗ್ಗೆ ಸಂಜೆ ಪೂರ್ತಿ ಹಾಲು ಡೈರಿಗೆ ಹಾಕಿ ಅಜ್ಜಿಗೆ ಅರ್ಧ ಲೋಟ ಕಾಫಿ ಕೊಡೋದನ್ನ ನಾನು ನೋಡಿದೀನಿ, ಅರ್ಧ ಲೀಟರ್ ಮನೆಗೆ ಎತ್ತಿಟ್ಕೊಳ್ಳಿ ಅಂತ ನಾನು ಗಟ್ಟಿಯಾಗೇ ಹೇಳ್ತೀನಿ.

ಪನೀರ್ 50 ಗ್ರಾಂ ಪುಡಿ ಮಾಡಿದ್ರೆ ಒಂದು ಸಣ್ಣ ಹಿಡಿ, 9 ಗ್ರಾಂ ಆಸುಪಾಸು. ಅಂಗಡಿ ಪನೀರ್ ತುಂಡು ಒತ್ತಿ ಗಟ್ಟಿ ಮಾಡಿರ್ತಾರೆ, ಕುದಿಸಿದ್ರೆ ಇನ್ನೂ ರಬ್ಬರ್ ಆಗುತ್ತೆ. ಮನೆಯಲ್ಲೇ ಒಂದು ಲೀಟರ್ ಹಾಲು ಕಾಯಿಸಿ ನಿಂಬೆ ರಸ ಹಾಕಿ ಒಡೆದು ಬಟ್ಟೆಯಲ್ಲಿ ಸೋಸಿ, ಭಾರ ಇಡದೇ ಹಾಗೇ ಬಿಟ್ರೆ 150 ಗ್ರಾಂ ಮೇಲೆ ಮೆತ್ತನೆ ಪನೀರ್ ಸಿಗುತ್ತೆ, ಅದನ್ನ ಬಿಸಿ ಅನ್ನಕ್ಕೋ ಬೇಳೆಗೋ ಕೊನೆಯಲ್ಲಿ ಉದುರಿಸಿ ಕಲಸಿದ್ರೆ ಸಾಕು, ಕುದಿಸ್ಬೇಡಿ.

ಮೊಟ್ಟೆಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ಕೊಡ್ತೀನಿ. ಒಂದು ಮೊಟ್ಟೆಗೆ 6 ಗ್ರಾಂ, ಎರಡಕ್ಕೆ 12, ಇಷ್ಟು ಸಣ್ಣ ಬಟ್ಟಲಲ್ಲಿ ಇಷ್ಟು ಪ್ರೋಟೀನ್, ಇಷ್ಟು ಕಮ್ಮಿ ಬೆಲೆಗೆ, ಇಷ್ಟು ಮೆತ್ತಗೆ ಬೇರೆ ಏನೂ ಸಿಗಲ್ಲ. ಆದ್ರೆ ಬೇಯಿಸಿದ ಮೊಟ್ಟೆ ಎಷ್ಟೋ ಅಜ್ಜಿಯರಿಗೆ ಆಗಲ್ಲ, ಬಿಳಿ ಭಾಗ ವಸಡಿಗೆ ಜಾರುತ್ತೆ, ಹಳದಿ ಒಣಗಿ ಗಂಟಲಿಗೆ ಅಂಟುತ್ತೆ. ಆಮ್ಲೆಟ್ ಅಂಚು ಗರಿಗರಿ ಆಗಿ ಚುಚ್ಚುತ್ತೆ. ಹೀಗೆ ಮಾಡಿ. ಎರಡು ಮೊಟ್ಟೆ ಒಡೆದು ಅರ್ಧ ಲೋಟ ಹಾಲು, ಚಿಟಿಕೆ ಉಪ್ಪು ಹಾಕಿ ನೊರೆ ಬರದ ಹಾಗೆ ಕಲಸಿ, ತುಪ್ಪ ಸವರಿದ ಬಟ್ಟಲಿಗೆ ಹಾಕಿ ಮೇಲೆ ತಟ್ಟೆ ಮುಚ್ಚಿ ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿ. ಉರಿ ಜೋರಾದ್ರೆ ಒಳಗೆಲ್ಲಾ ತೂತು ಬಿದ್ದು ನೀರು ಬಿಟ್ಕೊಂಡು ಗಟ್ಟಿ ಆಗುತ್ತೆ, ಸರಿಯಾಗಿ ಬಂದ್ರೆ ಬಟ್ಟಲು ಅಲ್ಲಾಡಿಸಿದಾಗ ನಡುವೆ ಒಂದೇ ಸಮ ನಡುಗುತ್ತೆ, ಚಮಚ ಹಾಕಿದ್ರೆ ಹಸಿ ನೀರು ಇರಲ್ಲ. ಹಸಿ ಮೊಟ್ಟೆ ಹಾಲಿಗೆ ಒಡೆದು ಕುಡಿಸೋ ಅಭ್ಯಾಸ ಬಿಡಿ, ಈ ವಯಸ್ಸಲ್ಲಿ ಹೊಟ್ಟೆ ಕೆಟ್ಟು ಭೇದಿ ಆದ್ರೆ ಸುಧಾರಿಸ್ಕೊಳ್ಳೋದು ಕಷ್ಟ. ಹಾಲು ಸೇರಿರೋದ್ರಿಂದ ಈ ಬಟ್ಟಲು ಲೆಕ್ಕ 15 ಗ್ರಾಂ ಹತ್ರ ಹೋಗುತ್ತೆ.

ಬೇಳೆ ಕಾಳು. ಒಂದು ಹೊತ್ತಿಗೆ ಒಬ್ಬರಿಗೆ ಒಣ ಬೇಳೆ 30 ಗ್ರಾಂ, ಅಂದ್ರೆ ಒಂದು ಸಣ್ಣ ಹಿಡಿ, 7 ಗ್ರಾಂ ಹತ್ರ ಪ್ರೋಟೀನ್. ಹೆಸರುಬೇಳೆ ಬೇಗ ಕರಗುತ್ತೆ, ಹೊಟ್ಟೆಗೂ ಹಗುರ, ಹಲ್ಲಿಲ್ಲದೋರಿಗೆ ಅದೇ ಮೊದಲು. ತೊಗರಿ ಪರವಾಗಿಲ್ಲ. ತೊಂದರೆ ಇರೋದು ಸಿಪ್ಪೆ ಇರೋ ಕಾಳುಗಳಲ್ಲಿ, ಹುರಳಿ, ಅಲಸಂದೆ, ಕಡ್ಲೆಕಾಳು. ಒಳಗಿನ ಹಿಟ್ಟು ಮೆತ್ತಗಾದ್ರೂ ಸಿಪ್ಪೆ ಮೆತ್ತಗಾಗಲ್ಲ, ಅದು ಸೆಟ್ ಕೆಳಗೆ ಸೇರ್ಕೊಂಡು ವಸಡು ಉಜ್ಜುತ್ತೆ. ಒಗ್ಗರಣೆ ಸಾಸಿವೆ, ಟೊಮೇಟೊ ಬೀಜ ಕೂಡ ಇದೇ ಕೆಲಸ ಮಾಡುತ್ತೆ, ಒಂದು ಸಾಸಿವೆ ಕಾಳು ಕೆಳಗಿನ ಸೆಟ್ ಅಡಿಗೆ ಹೋದ್ರೆ ಅವತ್ತಿನ ಊಟ ಅಲ್ಲಿಗೆ ನಿಂತುಹೋಗುತ್ತೆ, ಮನೆಯವರು ಹಸಿವಿಲ್ಲ ಅಂತ ತಿಳ್ಕೊಳ್ತಾರೆ. ಅವರ ಪಾಲಿಗೆ ಒಗ್ಗರಣೆ ಹಾಕದೇ ತೆಗೆದಿಡಿ, ಇಲ್ಲ ಸಾಸಿವೆ ಬದಲು ಇಂಗು ಜೀರಿಗೆ ಪುಡಿ ಹಾಕಿ.

ಅವರೆಕಾಯಿ ಕಾಲ ಬಂದಾಗ ನಮ್ಮ ಅದೃಷ್ಟ ಅಂದ್ಕೊಳ್ಳಿ, ಹಿತಕಿದ ಬೇಳೆ ಹಲ್ಲಿಲ್ಲದೋರಿಗೆ ಅಂತಲೇ ಮಾಡಿದ ಹಾಗಿದೆ. ಕಾಳು ನೆನೆಸಿ ಸಿಪ್ಪೆ ಹಿತಕಿ ತೆಗೆದುಬಿಟ್ಟಿರ್ತೀವಿ, ಬೆಂದ ಮೇಲೆ ಬೆಣ್ಣೆ ಥರ ಒತ್ತುತ್ತೆ. ಹಸಿ ಕಾಳಲ್ಲಿ ನೀರು ಜಾಸ್ತಿ ಇರೋದ್ರಿಂದ ಒಣ ಕಾಳಿನಷ್ಟು ಲೆಕ್ಕ ಬರಲ್ಲ, ಅಳತೆ ದುಪ್ಪಟ್ಟಿಗಿಂತ ಜಾಸ್ತಿ ಹಾಕ್ಬೇಕು. ಬಾಕಿ ಕಾಲದಲ್ಲಿ ಒಣ ಅವರೆಕಾಳು ರಾತ್ರಿಯೆಲ್ಲಾ ನೆನೆಸಿ ಹಿತಕಬಹುದು, ಕೆಲಸ ಜಾಸ್ತಿ ಆದ್ರೂ ಟೀವಿ ನೋಡ್ತಾ ಕೂತು ಅಜ್ಜಿಯೇ ಹಿತಕಿ ಕೊಡ್ತಾರೆ.

ಬಸ್ಸಾರು ಬಿಡ್ಬೇಕಾ ಅಂತ ಒಬ್ಬರು ಕೇಳಿದ್ರು. ಬಿಡ್ಬೇಡಿ. ಬಸಿದ ಕಾಳಲ್ಲಿ ಅಜ್ಜಿ ಪಾಲಿಂದು ಎಷ್ಟೋ ಅಷ್ಟನ್ನ, ದೊಡ್ಡ ಸೌಟಲ್ಲಿ ಒಂದು ಸೌಟು, ಪಲ್ಯಕ್ಕೆ ಹಾಕೋ ಮೊದಲೇ ತೆಗೆದು ಮಿಕ್ಸಿಯಲ್ಲಿ ಸ್ವಲ್ಪ ಕಟ್ಟು ಹಾಕಿ ನುಣ್ಣಗೆ ರುಬ್ಬಿ, ಸಿಪ್ಪೆ ಗಟ್ಟಿ ಇರೋ ಕಾಳಾದ್ರೆ ಜರಡಿಯಲ್ಲಿ ಒಂದು ಸಲ ಸೋಸಿ, ಅವರ ಬಟ್ಟಲಿನ ಸಾರಿಗೆ ಕಲಸಿ ಕುದಿಸಿ. ಸಾರು ಗಟ್ಟಿ ಆಗುತ್ತೆ, ಮುದ್ದೆಗೆ ಚೆನ್ನಾಗೇ ಹತ್ತುತ್ತೆ, ರುಚಿ ಅದೇ. ಎರಡು ಗ್ರಾಂ ಇದ್ದ ಸಾರು ಏಳು ಗ್ರಾಂ ಆಗುತ್ತೆ, ಅಡುಗೆ ಬೇರೆ ಮಾಡಿಲ್ಲ. ಮಸ್ಸೊಪ್ಪು ಮಾಡೋ ದಿನ ಇನ್ನೂ ಸುಲಭ, ಅದು ಹೆಂಗೂ ಮಸೆದೇ ಇರುತ್ತೆ, ಬೇಳೆ ಮಾತ್ರ ಒಂದು ಹಿಡಿ ಜಾಸ್ತಿ ಹಾಕಿ. ಇನ್ನೊಂದು ಮಾತು, ಬೇಳೆಯ 7 ಗ್ರಾಂ ಮೊಟ್ಟೆಯ 7 ಗ್ರಾಂ ಮೈಗೆ ಒಂದೇ ಅಲ್ಲ, ಮೊಟ್ಟೆ ಹಾಲಿಂದು ಹೆಚ್ಚು ಕಡಿಮೆ ಪೂರ್ತಿ ಬಳಕೆಗೆ ಬರುತ್ತೆ, ಬೇಳೆಯದ್ದು ರಾಗಿ ಅಕ್ಕಿ ಜೊತೆ ಸೇರಿದಾಗ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಮುದ್ದೆ ಜೊತೆ ಕಾಳಿನ ಸಾರು ಅನ್ನೋ ನಮ್ಮ ಊಟ ಆ ಲೆಕ್ಕದಲ್ಲಿ ಸರಿಯಾಗೇ ಇದೆ, ಕಾಳು ಒಳಗೆ ಹೋದ್ರೆ.

ಮಾಂಸ ತಿನ್ನೋರು ಪೀಸ್ ಬದಲು ಕೈಮಾ ಮಾಡಿಸಿ. ಕೋಳಿ ಆಗ್ಲಿ ಮಟನ್ ಆಗ್ಲಿ ಅಂಗಡಿಯವರಿಗೆ ಎರಡು ಸಲ ಮೆಷಿನ್‌ಗೆ ಹಾಕಿ ಅಂತ ಹೇಳಿ, 60 ಗ್ರಾಂ ಹಸಿ ಕೈಮಾದಲ್ಲಿ ಸುಮಾರು 12 ಗ್ರಾಂ ಪ್ರೋಟೀನ್, ಎರಡು ಮೊಟ್ಟೆಗೆ ಸಮ. ಬರೀ ಹುರಿದ ಕೈಮಾ ಒಣಗಿ ಬಾಯಲ್ಲಿ ಮರಳಿನ ಹಾಗೆ ಚದುರುತ್ತೆ, ನುಂಗಕ್ಕೆ ಕೂಡಲ್ಲ, ಅದಕ್ಕೆ ಗಟ್ಟಿ ಗೊಜ್ಜಲ್ಲೇ ಇರಬೇಕು. ಕೈಮಾ ಉಂಡೆ ಮಾಡಿದ್ರೆ ಹುರಿಗಡಲೆ ಪುಡಿ ಹಾಕಿರ್ತೀರಲ್ಲ, ಅದು ಮೆತ್ತಗೆ ಹಿಡಿದಿಡುತ್ತೆ, ಎಣ್ಣೆಯಲ್ಲಿ ಕರೀಬೇಡಿ, ಸಾರಲ್ಲೇ ಬೇಯಿಸಿ. ಮೀನು ಹಲ್ಲಿಲ್ಲದೋರಿಗೆ ತುಂಬಾ ಮೆತ್ತಗೆ, ಆದ್ರೆ ನಮ್ಮ ಕೆರೆ ಮೀನುಗಳಲ್ಲಿ ಸಣ್ಣ ಮುಳ್ಳು ಜಾಸ್ತಿ, ಸೆಟ್ ಹಾಕಿರೋರಿಗೆ ಮೇಲ್ದವಡೆ ಮುಚ್ಚಿರೋದ್ರಿಂದ ಮುಳ್ಳು ಬಾಯಲ್ಲಿದೆ ಅನ್ನೋದೇ ಗೊತ್ತಾಗಲ್ಲ. ಮುಳ್ಳು ಕೈಯಲ್ಲಿ ಬಿಡಿಸಿ ಬೆಳಕಲ್ಲಿ ನೋಡಿ ಕೊಡೋ ಹಾಗಿದ್ರೆ ಮಾತ್ರ ಕೊಡಿ.

ಸೋಯಾ ಚಂಕ್ಸ್ ಬಗ್ಗೆ ಬೇಗ ಹೇಳ್ಬಿಡ್ತೀನಿ. 25 ಗ್ರಾಂ ಒಣದ್ರಲ್ಲಿ 13 ಗ್ರಾಂ, ಲೆಕ್ಕಕ್ಕೆ ಎಲ್ಲಕ್ಕಿಂತ ಮುಂದೆ. ಆದ್ರೆ ನೆನೆಸಿದ ಮೇಲೂ ಸ್ಪಂಜಿನ ಹಾಗೆ ಎಳೆಯುತ್ತೆ, ಅಗಿಯದೇ ನುಂಗಕ್ಕೆ ಹೋದ್ರೆ ಗಂಟಲಲ್ಲಿ ನಿಲ್ಲುತ್ತೆ. ಬಿಸಿ ನೀರಲ್ಲಿ ನೆನೆಸಿ ಹಿಂಡಿ ಮಿಕ್ಸಿಯಲ್ಲಿ ಪುಡಿ ಮಾಡಿ ಸಾರಿಗೆ ಹಾಕಿದ್ರೆ ಸರಿ, ಇಡೀ ತುಂಡು ಕೊಡಲೇಬೇಡಿ. ಕಡ್ಲೆಕಾಯಿ ಬೀಜ ನಮ್ಮ ಜಿಲ್ಲೆಯದ್ದೇ ಬೆಳೆ, ಹುರಿದು ನುಣ್ಣಗೆ ಪುಡಿ ಮಾಡಿದ್ದು ಎರಡು ಚಮಚ 15 ಗ್ರಾಂ ಇದ್ರೆ ಹತ್ತತ್ರ 4 ಗ್ರಾಂ, ಹುರಿಗಡಲೆ ಹಿಟ್ಟು ಒಂದು ದೊಡ್ಡ ಚಮಚಕ್ಕೆ 2 ಗ್ರಾಂ. ಇವನ್ನ ಒಣ ಪುಡಿಯಾಗಿ ಬಾಯಿಗೆ ಹಾಕ್ಕೊಳ್ಳೋದು ಬೇಡ, ಹಾಲಲ್ಲೋ ಸಾರಲ್ಲೋ ಕಲಸಿಯೇ ಕೊಡಿ, ಬಿಪಿ ಮಾತ್ರೆ ಇನ್ನೊಂದು ಮಾತ್ರೆ ತಗೊಳ್ಳೋರಿಗೆ ಬಾಯಿ ಒಣಗಿರುತ್ತೆ, ಒಣ ಪುಡಿ ಉಸಿರಿನ ಜೊತೆ ಒಳಗೆ ಹೋಗಿ ಕೆಮ್ಮು ಹತ್ತುತ್ತೆ. ಮುಗ್ಗಿದ ಬೀಜ ಪುಡಿಗೂ ಬೇಡ.

ಒಂದು ಮನೆಯ ಲೆಕ್ಕ ಪೂರ್ತಿ ಹೇಳ್ತೀನಿ, ಕೊರಟಗೆರೆ ಕಡೆಯ ಅಜ್ಜಿ, ಎಪ್ಪತ್ತು ದಾಟಿದೆ, ತೂಕ 48 ಕೆಜಿ, ಮೇಲೆ ನಾಲ್ಕು ಹಲ್ಲು, ಕೆಳಗೆ ಸೆಟ್ ಇದೆ ಆದ್ರೆ ಡಬ್ಬದಲ್ಲಿ. ಸೊಸೆ ಹೇಳಿದ ಊಟ ಹೀಗಿತ್ತು. ಬೆಳಗ್ಗೆ ಸಂಜೆ ಕಾಫಿ, ಎರಡೂ ಸೇರಿ 150 ಎಂಎಲ್ ಹಾಲು, 5 ಗ್ರಾಂ. ಬೆಳಗ್ಗೆ ಒಂದು ಬನ್ನು, 4. ಮಧ್ಯಾಹ್ನ ಒಂದು ಮುದ್ದೆ, ಹಿಟ್ಟು 80 ಗ್ರಾಂ ಇರಬಹುದು, 6. ತಿಳಿ ಸಾರು 2. ರಾತ್ರಿ ಅನ್ನ 6, ಮಜ್ಜಿಗೆ 2. ಒಟ್ಟು 25. ಬೇಕಿದ್ದದ್ದು 48. ಹೊಟ್ಟೆ ತುಂಬಾ ಊಟ ಮಾಡ್ತಾ ಅರ್ಧ ಪ್ರೋಟೀನಲ್ಲಿ ಬದುಕ್ತಿದ್ರು, ಮನೆಯಲ್ಲಿ ಯಾರೂ ಅವರಿಗೆ ಕಮ್ಮಿ ಮಾಡಿರ್ಲಿಲ್ಲ.

ಬದಲಾಯಿಸಿದ್ದು ಇಷ್ಟು. ಬನ್ನು ಬದಲು ಎರಡು ಮೊಟ್ಟೆ ಮೆತ್ತಗೆ, 12. ಕಾಫಿ ಅವರ ಇಷ್ಟ, ಮುಟ್ಟಲಿಲ್ಲ, 5. ಮುದ್ದೆ ಹಾಗೇ, 6. ಸಾರಿಗೆ ಕಾಳು ರುಬ್ಬಿ ಹಾಕಿದ್ದು, 7. ಸಂಜೆ ನಾಲ್ಕು ಗಂಟೆಗೆ 150 ಎಂಎಲ್ ಹಾಲಲ್ಲಿ ಒಂದು ಚಮಚ ಹುರಿಗಡಲೆ ಹಿಟ್ಟು ಕಲಸಿ ಕುದಿಸಿದ್ದು, 7. ರಾತ್ರಿ ಅನ್ನ ಸ್ವಲ್ಪ ಕಮ್ಮಿ ಮಾಡಿ ಅದರಲ್ಲೇ 25 ಗ್ರಾಂ ಹೆಸರುಬೇಳೆ ಹಾಕಿ ಪೊಂಗಲ್ ಹಾಗೆ ಮಸೆದು, ಅಕ್ಕಿಯದ್ದು 4 ಬೇಳೆಯದ್ದು 6. ಮಜ್ಜಿಗೆ ಬದಲು ಮೊಸರು 100 ಗ್ರಾಂ, 3. ಕೂಡಿದ್ರೆ 50. ಸೋಮವಾರ ಶನಿವಾರ ಮೊಟ್ಟೆ ತಿನ್ನಲ್ಲ, ಆ ದಿನ 60 ಗ್ರಾಂ ಪನೀರ್ ಉದುರಿಸಿ ಉಪ್ಪಿಟ್ಟಿಗೆ ಕಲಸಿ ಕೊಡೋದು, ಹತ್ತತ್ರ 11. ನೋಡಿ, ಇದರಲ್ಲಿ ಡಬ್ಬದ ಪುಡಿ ಒಂದೂ ಇಲ್ಲ.

ಪುಡಿ ಬಗ್ಗೆ ಪ್ರಶ್ನೆ ಬಂತು, ಮೆಡಿಕಲ್ ಸ್ಟೋರಲ್ಲಿ ಸಿಗೋ ಪ್ರೋಟೀನ್ ಪುಡಿ ಕೊಟ್ರೆ ಸಾಕಲ್ವಾ ಅಂತ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋದು ನೂರು ಗ್ರಾಂ ಲೆಕ್ಕ ಇರಬಹುದು, ಹಿಂದೆ ಒಂದು ಸರ್ವಿಂಗ್‌ಗೆ ಎಷ್ಟು, ಆ ಸರ್ವಿಂಗ್ ಅಂದ್ರೆ ಎಷ್ಟು ಚಮಚ ಅಂತ ಓದಿ, ಆಮೇಲೆ ಅದರ ಬೆಲೆಗೆ ಎಷ್ಟು ಮೊಟ್ಟೆ ಬರುತ್ತೆ ಅಂತ ಲೆಕ್ಕ ಹಾಕಿ. ಆಪರೇಷನ್ ಆಗಿ ಏನೂ ತಿನ್ನಕ್ಕಾಗದೇ ಇರೋ ದಿನಗಳಲ್ಲಿ ಡಾಕ್ಟ್ರು ಬರೆದುಕೊಟ್ರೆ ಕೊಡಿ. ದಿನಾ ಊಟ ಮಾಡ್ತಿರೋರಿಗೆ ಅಡುಗೆಮನೆಯಿಂದಾನೇ ಆಗುತ್ತೆ.

ಮೆತ್ತಗಿದೆಯಾ ಇಲ್ವಾ ಅಂತ ನೀವು ಹಲ್ಲಲ್ಲಿ ನೋಡ್ಬೇಡಿ, ನಿಮಗೆ ಎಲ್ಲಾ ಮೆತ್ತಗೇ ಇರುತ್ತೆ. ಒಂದು ತುಂಡು ನಾಲಗೆ ಮೇಲಿಟ್ಟು ಅಂಗುಳಕ್ಕೆ ಒತ್ತಿ, ಹಲ್ಲು ಸೋಕಿಸದೇ ಅದು ಒಡೆದು ಹರಡಿದ್ರೆ ಅವರಿಗೂ ಆಗುತ್ತೆ. ಊಟ ಸರಿ ಹೋಗ್ತಿಲ್ಲ ಅನ್ನೋದಕ್ಕೆ ಗುರುತು ತಟ್ಟೆ ಅಂಚಲ್ಲೇ ಇರುತ್ತೆ, ಏನು ಉಳೀತು ನೋಡಿ. ಅರ್ಧ ಗಂಟೆ ಮೇಲೆ ಊಟ ಎಳೀತಿದ್ರೆ, ಕೈಬಳೆ ಮೊಣಕೈ ಕಡೆಗೆ ಸರೀತಿದ್ರೆ, ಕುರ್ಚಿಯಿಂದ ಏಳಕ್ಕೆ ಕೈ ಊರ್ತಿದ್ರೆ ಗಮನಿಸಿ. ತಿಂಗಳಿಗೊಂದು ಸಲ ಒಂದೇ ತೂಕದ ಮೆಷಿನಲ್ಲಿ ನೋಡಿ, ಆರು ತಿಂಗಳಲ್ಲಿ 50 ಕೆಜಿಯೋರು ಎರಡೂವರೆ ಕೆಜಿ ಇಳಿದ್ರೆ ಅದು ವಯಸ್ಸು ಅಂತ ಬಿಡೋ ವಿಷಯ ಅಲ್ಲ, ಡಾಕ್ಟ್ರಿಗೆ ತೋರಿಸಿ.

ಒಬ್ಬ ಹಿರಿಯರು ಎದ್ದು, ನನಗೆ ಕಿಡ್ನಿ ತೊಂದರೆ ಇದೆ ಅಮ್ಮ, ಇದೆಲ್ಲಾ ತಿನ್ನಬಹುದಾ ಅಂತ ಕೇಳಿದ್ರು. ಕ್ರಿಯಾಟಿನಿನ್ ಜಾಸ್ತಿ ಇದೆ ಅಂತ ಹೇಳಿರೋರು ಇವತ್ತಿನ ನನ್ನ ಲೆಕ್ಕ ಹಿಡಿಯೋ ಹಾಗಿಲ್ಲ. ಅವರಿಗೆ ಎಷ್ಟು ಅಂತ ಅವರ ಡಾಕ್ಟ್ರೇ ಹೇಳ್ಬೇಕು, ಡಯಾಲಿಸಿಸ್ ಶುರು ಆಗೋ ಮುಂಚೆ ಕಮ್ಮಿ ಮಾಡಿಸ್ತಾರೆ, ಶುರು ಆದ ಮೇಲೆ ಜಾಸ್ತಿ ಹೇಳ್ತಾರೆ, ಎರಡೂ ಬೇರೆ. ಶುಗರ್ ಇರೋರು ಗಂಜಿ ಎಷ್ಟು ನುಣ್ಣಗೆ ತೆಳ್ಳಗೆ ಮಾಡ್ತೀರೋ ಅಷ್ಟು ಬೇಗ ಶುಗರ್ ಏರುತ್ತೆ ಅನ್ನೋದು ನೆನಪಿಟ್ಕೊಳ್ಳಿ, ಗಂಜಿಯನ್ನ ಕಮ್ಮಿ ಮಾಡಿ ಮೊಟ್ಟೆ, ಬೇಳೆ, ಮೊಸರಿನ ಪಾಲು ಏರಿಸಿ. ನೀರು ಕುಡಿದಾಗ್ಲೂ ಕೆಮ್ಮು ಬರೋರು, ಊಟ ಆದ ಮೇಲೆ ಧ್ವನಿ ಗೊರಗೊರ ಅನ್ನೋರು, ಸ್ಟ್ರೋಕ್ ಆಗಿರೋರು, ಇವರ ತೊಂದರೆ ಹಲ್ಲಲ್ಲ, ನುಂಗೋದ್ರಲ್ಲಿದೆ. ಅವರಿಗೆ ಮುದ್ದೆ ನುಂಗಿಸೋದೂ ಅಪಾಯ, ಮೊದಲು ತೋರಿಸಿ ಆಮೇಲೆ ಏನು ಕೊಡ್ಬೇಕು ಅಂತ ಕೇಳಿ.

ಕೊನೆಗೆ ಕೊರಟಗೆರೆ ಅಜ್ಜಿಯ ಡಬ್ಬದಲ್ಲಿದ್ದ ಸೆಟ್ ವಿಷಯ ಒಬ್ಬರು ಕೇಳಿದ್ರು, ದುಡ್ಡು ಕೊಟ್ಟು ಹಾಕ್ಸಿದ್ದು ಯಾಕೆ ಹಾಕ್ಕೊಳ್ಳಲ್ಲ ಅಂತ. ಹಲ್ಲು ಹೋದ ಮೇಲೆ ದವಡೆ ಮೂಳೆ ವರ್ಷದಿಂದ ವರ್ಷಕ್ಕೆ ಸವೀತಾ ಹೋಗುತ್ತೆ, ಕೆಳಗಿನದ್ದು ಇನ್ನೂ ಬೇಗ, ಅವತ್ತು ಸರಿಯಾಗಿ ಕೂತ ಸೆಟ್ ಇವತ್ತು ಜಾರುತ್ತೆ, ಉಜ್ಜಿ ಹುಣ್ಣಾಗುತ್ತೆ, ಖಾರ ಬಿದ್ರೆ ಪ್ರಾಣ ಹೋಗುತ್ತೆ, ಅದಕ್ಕೆ ತೆಗೆದಿಡ್ತಾರೆ. ಅದು ಅವರ ಹಟ ಅಲ್ಲ. ಹಲ್ಲಿನ ಡಾಕ್ಟ್ರ ಹತ್ರ ತಗೊಂಡು ಹೋದ್ರೆ ಒಳಪದರ ಹೊಸದಾಗಿ ಹಾಕಿ ಕೂರಿಸಿ ಕೊಡ್ತಾರೆ, ಎಷ್ಟೋ ಸಲ ಹೊಸ ಸೆಟ್ಟೇ ಬೇಕಾಗಲ್ಲ. ಸರಿ ಮಾಡಿಸಿದ ಮೇಲೂ ಮೊದಲ ವಾರ ಇದೇ ಮೆತ್ತನೆ ಊಟ ಮುಂದುವರಿಸಿ, ಸಣ್ಣ ತುತ್ತು, ಎರಡೂ ಕಡೆ ಸಮವಾಗಿ ಅಗಿಯಕ್ಕೆ ಹೇಳಿ, ಒಂದೇ ಕಡೆ ಅಗಿದ್ರೆ ಇನ್ನೊಂದು ಕಡೆ ಎದ್ದು ಬರುತ್ತೆ. ಹುಣ್ಣು ಎರಡು ವಾರ ದಾಟಿಯೂ ಮಾಯದೇ ಇದ್ರೆ, ಅದರಲ್ಲೂ ಹೊಗೆಸೊಪ್ಪು ಹಾಕೋರಾದ್ರೆ, ಸೆಟ್ ಉಜ್ಜಿದ್ದು ಅಂತ ಸುಮ್ನಿರ್ಬೇಡಿ, ಅದೇ ವಾರ ಕರ್ಕೊಂಡು ಹೋಗಿ ಬಾಯಿ ತೋರಿಸಿ.